ಮಷಿನ್ ಚೆನ್ನಾಗೇ ಇದೆ, ಅರ್ಥಿಂಗ್ ನೋಡಿ

ಏಪ್ರಿಲ್ ಬಂತು ಅಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಸಾರ್, ಹಂದಿ ಸೋಲಾರ್ ಬೇಲಿ ನುಗ್ಗಿ ಬರ್ತಿದೆ. ಶಾಕ್ ಕೊಡೋ ಮಷಿನ್ ಪವರ್ ಸಾಲ್ತಿಲ್ಲ. ಇದಕ್ಕಿಂತ ದೊಡ್ಡದು ಇದ್ಯಾ?" ದೊಡ್ಡ ಮಷಿನ್ ಮಾರಿದರೆ ನನಗೇನೂ ನಷ್ಟವಿಲ್ಲ. ಆದರೂ ಕೇಳುತ್ತೇನೆ, "ಅರ್ಥಿಂಗಿಗೆ ಎಷ್ಟು ರಾಡ್ ಹೊಡೆದಿದ್ದೀರಿ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದು ಕಬ್ಬಿಣದ ಸರಳು ಹೊಡ್ದಿದೀವಲ್ಲ ಸಾರ್, ಎರಡಡಿ."

ಕಂಬ ನೆಡೋದು, ತಂತಿ ಎಳೆಯೋದು ರೈತರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಆದರೆ ಸೋಲಾರ್ ಬೇಲಿಯಲ್ಲಿ ಅರ್ಧ ಕೆಲಸ ನೆಲದ ಕೆಳಗಿರುತ್ತದೆ ಅನ್ನೋದನ್ನು ಒಪ್ಪಿಸಲು ನಾನು ಪಡುವ ಪಾಡು ಅಷ್ಟಿಷ್ಟಲ್ಲ.

ಮೊದಲು ಮಷಿನ್ ಏನು ಮಾಡುತ್ತದೆ ನೋಡಿ. ಪ್ಯಾನಲ್ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಮಷಿನ್ ಆ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪವೇ ಕರೆಂಟ್ ತೆಗೆದು ಒಳಗಿನ ಕೆಪಾಸಿಟರಿನಲ್ಲಿ ತುಂಬಿಸುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೊಡ ಇಟ್ಟು, ತುಂಬಿದ ಕೂಡಲೇ ಒಂದೇ ಸಲಕ್ಕೆ ಸುರಿದ ಹಾಗೆ, ಒಂದು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಹೊತ್ತಿಗೊಮ್ಮೆ ಅದನ್ನೆಲ್ಲ ಟ್ರಾನ್ಸ್‌ಫಾರ್ಮರ್ ಮೂಲಕ ತಂತಿಗೆ ಬಿಡುತ್ತದೆ. ಏಳೆಂಟು ಸಾವಿರ ವೋಲ್ಟ್ ಬರುತ್ತದೆ ನಿಜ. ಆದರೆ ಅದು ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಒಂದು ಏಟಿಗೆ 5 ಜೌಲ್, 1.2 ಸೆಕೆಂಡಿಗೊಂದು ಏಟು ಅಂತಿಟ್ಟುಕೊಳ್ಳಿ. ಸರಾಸರಿ 4 ವ್ಯಾಟ್ ಆಯಿತು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಅರ್ಧಕ್ಕಿಂತಲೂ ಕಮ್ಮಿ. ಅದಕ್ಕೇ ಸಣ್ಣ ಪ್ಯಾನಲ್ ಸಾಕಾಗುವುದು.

ಸರಿ, ಆ ಏಟು ಹಂದಿಗೆ ತಗಲುವುದು ಹೇಗೆ? ಮಷಿನಿನಿಂದ ತಂತಿಗೆ, ತಂತಿಯಿಂದ ಹಂದಿಯ ಮೂತಿಗೆ, ಕಾಲಿನಿಂದ ನೆಲಕ್ಕೆ, ನೆಲದೊಳಗೆ ಹಾದು ನಿಮ್ಮ ಅರ್ಥ್ ರಾಡಿಗೆ, ಅಲ್ಲಿಂದ ವಾಪಸ್ ಮಷಿನಿಗೆ. ಈ ಸುತ್ತು ಪೂರ್ತಿಯಾದರೆ ಮಾತ್ರ ಶಾಕ್. ಒಣ ಮರದ ಗೂಟ ಹತ್ತಿದ ಕೋತಿ ತಂತಿ ಹಿಡಿದರೂ ಹಲ್ಲು ಕಿರಿಯುತ್ತದಲ್ಲ, ಅದಕ್ಕೆ ಇದೇ ಕಾರಣ. ಅದರ ಕಾಲು ನೆಲದ ಮೇಲಿಲ್ಲ.

ಈಗ ಲೆಕ್ಕ ಹಾಕಿ. ಹಂದಿಯ ಮೈ ಸುಮಾರು 500 ಓಂ ತಡೆ ಒಡ್ಡುತ್ತದೆ ಅಂತಿರಲಿ. ಬೇಸಿಗೆಯ ಒಣ ಮಣ್ಣಿನಲ್ಲಿ ನಿಮ್ಮ ಎರಡಡಿ ಸರಳು 1500 ಓಂ ಒಡ್ಡಿದರೆ, ನಾಲ್ಕರಲ್ಲಿ ಮೂರು ಪಾಲು ವೋಲ್ಟ್ ಸರಳಿನ ಬುಡದಲ್ಲೇ ಖರ್ಚಾಯಿತು. ಹಂದಿಗೆ ಉಳಿದದ್ದು ಒಂದು ಪಾಲು. ದೊಡ್ಡ ಮಷಿನ್ ತಂದರೂ ಅದೇ ಪಾಲಿನಲ್ಲಿ ಹೋಗುತ್ತದೆ. "ಮೀಟರಲ್ಲಿ ಏಳು ಸಾವಿರ ತೋರಿಸ್ತಿದೆಯಲ್ಲ ಸಾರ್?" ತೋರಿಸುತ್ತದೆ. ಯಾವ ಪ್ರಾಣಿಯೂ ಮುಟ್ಟದೆ ಇರುವಾಗ ತಂತಿಯಲ್ಲಿ ವೋಲ್ಟ್ ಸುಮ್ನೆ ನಿಂತಿರುತ್ತದೆ. ಹಂದಿ ಮುಟ್ಟಿದ ಕ್ಷಣ ಏನಾಗುತ್ತದೆ ಅನ್ನೋದನ್ನು ಆ ಅಂಕಿ ಹೇಳುವುದಿಲ್ಲ.

ಹನೂರು ಕಡೆಯ ಒಂದು ಜೋಳದ ಹೊಲದ ಉದಾಹರಣೆ ಕೊಡುತ್ತೇನೆ. ನಾಲ್ಕು ಎಕರೆ, ಸುತ್ತಳತೆ 500 ಮೀಟರಿನ ಆಸುಪಾಸು, ಗರಸು ಮಣ್ಣು. ಮೀಟರ್ 7.8 ಕಿಲೋವೋಲ್ಟ್ ತೋರಿಸುತ್ತಿತ್ತು. ಹೊಲದ ಯಜಮಾನರು ಹಿರಿಯರು, ಹೊಸ ಮಷಿನ್ನೇ ಬೇಕು ಅಂತ ಹಟ ಹಿಡಿದಿದ್ದರು. "ಅಣ್ಣಾ, ಹತ್ತು ನಿಮಿಷ ಕೊಡಿ" ಅಂದೆ. ಮಷಿನ್ ಆಫ್ ಮಾಡಿ, ಅಲ್ಲಿಂದ ನೂರು ಮೀಟರ್ ಆಚೆ ಮೂರು ಹಾರೆಗಳನ್ನು ನೆಲಕ್ಕೆ ಚುಚ್ಚಿ ಕರೆಂಟ್ ತಂತಿಗೆ ಒರಗಿಸಿದೆ. ಅಂದರೆ ಬೇಲಿಗೆ ಬೇಕೆಂದೇ ಭಾರ ಕೊಟ್ಟಂತೆ. ಮತ್ತೆ ಆನ್ ಮಾಡಿದಾಗ ತಂತಿಯ ವೋಲ್ಟ್ 2 ಕಿಲೋವೋಲ್ಟಿಗಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಇನ್ನೊಂದು ಹಾರೆ ಇಡಿ, ಪ್ರತಿ ಸಲ ಆಫ್ ಮಾಡಿಯೇ. ಆಮೇಲೆ ಮೀಟರಿನ ಒಂದು ತುದಿಯನ್ನು ಅರ್ಥ್ ರಾಡಿಗೆ, ಇನ್ನೊಂದನ್ನು ಅಲ್ಲಿಂದ ಒಂದು ಮೀಟರ್ ದೂರದಲ್ಲಿ ಚುಚ್ಚಿದ ಸಣ್ಣ ಸರಳಿಗೆ ಹಿಡಿದೆ. 0.3 ಕಿಲೋವೋಲ್ಟಿನೊಳಗೆ ಇರಬೇಕಾದದ್ದು 1.4 ತೋರಿಸಿತು. ಯಜಮಾನರು ಬಗ್ಗಿ ನೋಡಿ, "ಇಷ್ಟೂ ಇಲ್ಲೇ ಸೋರ್ತಿದ್ಯಾ?" ಅಂದರು.

ಕೃಷಿ ಹೊಂಡದ ಬದಿಯಲ್ಲಿ ತೇವ ಇತ್ತು. ಅಲ್ಲಿ ಆರಡಿಯ ಮೂರು ಜಿಐ ರಾಡ್, ಹತ್ತತ್ತು ಅಡಿ ಅಂತರದಲ್ಲಿ ಇಳಿಸಿ, ಕ್ಲಾಂಪ್ ಹಾಕಿ ಜೋಡಿಸಿ, ಇನ್ಸುಲೇಟೆಡ್ ಕೇಬಲ್ಲಿನಲ್ಲಿ ಮಷಿನಿಗೆ ತಂದೆವು. ರೀಡಿಂಗ್ 0.2ಕ್ಕೆ ಬಂತು. ಮಷಿನ್ ಹಳೆಯದೇ.

ಹೊಂಡವೂ ಒಣಗಿದರೆ? ಆಗ ರಾಡ್ ಎಷ್ಟೇ ಚೆನ್ನಾಗಿದ್ದರೂ ಹಂದಿಯ ಕಾಲಡಿಯ ನೆಲ ಕರೆಂಟ್ ಬಿಡುವುದಿಲ್ಲ. ಅಂಥ ಕಡೆ ಒಂದು ಬಿಟ್ಟು ಒಂದು ತಂತಿಯನ್ನು ಅರ್ಥಿಗೆ ಸೇರಿಸುತ್ತೇವೆ. ನೆಲದಿಂದ ಎಂಟು ಇಂಚಿಗೆ ಕರೆಂಟ್ ತಂತಿ, ಹದಿನಾರಕ್ಕೆ ಅರ್ಥ್ ತಂತಿ, ಹೀಗೆ. ನುಗ್ಗುವ ಹಂದಿ ಎರಡನ್ನೂ ಮುಟ್ಟುತ್ತದೆ, ನೆಲದ ಹಂಗಿಲ್ಲ. ಕಷ್ಟ ಏನೆಂದರೆ, ತಂತಿ ಸಡಿಲವಾಗಿ ಒಂದಕ್ಕೊಂದು ತಾಗಿದರೆ ಇಡೀ ಬೇಲಿ ಸತ್ತಂತೆ. ಬಿಗಿ ನೋಡುತ್ತಿರಬೇಕು.

ಇಲ್ಲಿ ಒಂದು ಮಾತು ಕೋಪದಿಂದಲೇ ಹೇಳುತ್ತೇನೆ. ರಾಡ್ ಉಳಿಸಲು ಪಂಪ್‌ಸೆಟ್ಟಿನ ಅರ್ಥಿಂಗಿಗೇ ಬೇಲಿಯನ್ನೂ ಕಟ್ಟುವವರಿದ್ದಾರೆ. ವೈಂಡಿಂಗ್ ಸುಟ್ಟು ಮೋಟಾರಿನ ಮೈಗೇ ಕರೆಂಟ್ ಬಂದ ದಿನ, ಅದು ಅದೇ ದಾರಿಯಲ್ಲಿ ನಿಮ್ಮ ಅರ್ಥ್ ತಂತಿಗೆ ಹತ್ತಿ ಹೊಲದ ಸುತ್ತ ಓಡಬಹುದು. ಬೇಲಿಯ ರಾಡ್ ಮನೆ, ಪಂಪ್, ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿನಿಂದ ಕನಿಷ್ಠ ಹತ್ತು ಮೀಟರ್ ದೂರ ಇರಲಿ.

ಇನ್ನು ಕೆಲವರು ಬೇಸತ್ತು ರಾತ್ರಿ ಲೈನಿನಿಂದಲೇ ತಂತಿಗೆ ಕರೆಂಟ್ ಕೊಡುತ್ತಾರೆ. "230 ತಾನೇ, ಮಷಿನಿಂದು ಎಂಟು ಸಾವಿರ" ಅನ್ನುವ ವಾದ ಬೇರೆ! ಮಷಿನಿನ ಏಟು ನಿಂತು ನಿಂತು ಬರುತ್ತದೆ, ನಡುವೆ ಕೈ ಬಿಡಿಸಿಕೊಳ್ಳಲು ಬಿಡುವಿದೆ. ಲೈನಿನ ಕರೆಂಟ್ ನಿಲ್ಲುವುದೇ ಇಲ್ಲ. ಸ್ನಾಯು ಬಿಗಿದು ಕೈ ತಂತಿಗೇ ಕಚ್ಚಿಕೊಳ್ಳುತ್ತದೆ, ಹೃದಯ ಲಯ ತಪ್ಪುತ್ತದೆ. ಸಾಯುವುದು ಬೆಳಿಗ್ಗೆ ನೀರು ಕಟ್ಟಲು ಬಂದ ನಿಮ್ಮ ಮನೆಯವರೇ ಇರಬಹುದು. ಕಾನೂನಿನ ಪ್ರಕಾರ ಜೈಲು, ಅದೂ ಇದೆ.

ಹಾಗಂತ ಸೋಲಾರ್ ಬೇಲಿ ಆಟದ ಸಾಮಾನಲ್ಲ. ಪೇಸ್‌ಮೇಕರ್ ಇರುವವರು ದೂರ ಇರಬೇಕು. ಮುಳ್ಳುತಂತಿಗೆ ಕರೆಂಟ್ ಬಿಡಲೇಬಾರದು. ಸಿಕ್ಕಿಕೊಂಡ ಪ್ರಾಣಿಗೋ ಮಗುವಿಗೋ ಬಿಡಿಸಿಕೊಳ್ಳಲಾಗದೆ ಏಟಿನ ಮೇಲೆ ಏಟು ಬೀಳುತ್ತದೆ. ಒಂದೇ ಬೇಲಿಗೆ ಎರಡು ಮಷಿನ್ ಬೇಡ, ಎರಡರ ಏಟು ಸೇರಿ ನಡುವಿನ ಬಿಡುವು ಹೋಗುತ್ತದೆ. ದಾರಿಯ ಕಡೆ ಹಳದಿ ಬೋರ್ಡು ತೂಗುಹಾಕಿ.

ನನಗೆ ಫೋನ್ ಮಾಡುವ ಮುಂಚೆ ಹಾರೆಯ ಪರೀಕ್ಷೆ ಮಾಡಿ ಅಂಕಿ ಬರೆದಿಟ್ಟುಕೊಳ್ಳಿ. ಜಾಸ್ತಿ ಬಂದರೆ ರಾಡಿನ ಬುಡಕ್ಕೆ ನಾಲ್ಕು ಕೊಡ ನೀರು ಸುರಿದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಇಳಿದರೆ ನಿಮಗೆ ಬೇಕಾದದ್ದು ರಾಡು. ಅದು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.