ಸೆಂಟ್ ಉಡುಗೊರೆ: ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಿದರೆ ಸಾಲದು

ಮದುವೆ ಸೀಜನ್ ಬಂತೆಂದರೆ ಬಾಗಲಕೋಟೆಯ ನಮ್ಮ ಕ್ಲಿನಿಕ್ಕಿಗೆ ಕುತ್ತಿಗೆ ತುರಿಕೆಯವರು ಜಾಸ್ತಿ. ಕಿವಿಯ ಹಿಂದೆ, ಕುತ್ತಿಗೆಯ ಎರಡೂ ಬದಿಗೆ ಚರ್ಮ ಕೆಂಪಾಗಿ ಒರಟಾಗಿರುತ್ತದೆ. "ಹೊಸ ಸರ ಹಾಕ್ಕೊಂಡಿದ್ದೆರಿ, ಅದರಿಂದನ ಆಗೇದ" ಅನ್ನುತ್ತಾರೆ. ಸರದ ಅಲರ್ಜಿಯಾದರೆ ಸರ ಕೂತ ಗೆರೆಯಗುಂಟ ಇರುತ್ತದೆ, ಹಿಂದೆ ಕೊಂಡಿ ತಾಗುವ ಕಡೆ ಇನ್ನೂ ಜೋರು. ಇದು ಹಾಗಲ್ಲ. ಕೈ ತಿರುಗಿಸಿ ತೋರಿಸಿ ಅಂದರೆ ಮಣಿಕಟ್ಟಿನ ಒಳಗೂ ಅದೇ ಮಚ್ಚೆ. ಸೆಂಟ್ ಹೊಡೆದ ಜಾಗಗಳೇ ಇವು. ಕೇಳಿದರೆ, ಯಾರೋ ಪ್ರೀತಿಯಿಂದ ಕೊಟ್ಟ ಬಾಟಲಿ.

ಕೊಟ್ಟವರದೂ ತಪ್ಪಿಲ್ಲ. ಅಂಗಡಿಯಲ್ಲಿ ಮುಂಗೈಗೆ ಹಚ್ಚಿ, ಮೂಸಿ, ಚೆನ್ನಾಗಿದೆ ಅಂತಲೇ ತಂದಿರುತ್ತಾರೆ. ಆದರೆ ಅದು ಮೂಗಿನ ಪರೀಕ್ಷೆ, ಅದೂ ಕೊಡುವವರ ಮೂಗಿನದು. ಚರ್ಮದ ಉತ್ತರ ಅಷ್ಟು ಬೇಗ ಬರುವುದಿಲ್ಲ. ಹಚ್ಚಿದ ಕೂಡಲೇ ಉರಿದರೆ ಅದು ಸಾಮಾನ್ಯವಾಗಿ ಆಲ್ಕೋಹಾಲಿನ ಕೆಲಸ. ಶೇವ್ ಮಾಡಿದ ಅಥವಾ ಗೀಚಿದ ಚರ್ಮಕ್ಕೆ ಹಾಗಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನಿಜವಾದ ಅಲರ್ಜಿ ಸುಮ್ಮನಿದ್ದು ಬರುವಂಥದ್ದು. ಹಚ್ಚಿದ ಒಂದರಿಂದ ಮೂರು ದಿನದ ಮೇಲೆ ತುರಿಕೆ ಶುರು. ಅಷ್ಟರಲ್ಲಿ ಸೆಂಟ್ ಮರೆತೇ ಹೋಗಿರುತ್ತದೆ, ಅದಕ್ಕೇ ಬೈಗುಳ ಸರಕ್ಕೆ. ಇನ್ನೊಂದು ಮಾತು. ವರ್ಷಗಟ್ಟಲೆ ಒಗ್ಗಿದ ವಾಸನೆಗೂ ಒಂದು ದಿನ ಅಲರ್ಜಿ ಶುರುವಾಗಬಹುದು.

ಕಳೆದ ವರ್ಷ ಒಬ್ಬ ಹುಡುಗ ತನ್ನ ತಲೆಹೊಟ್ಟಿಗೆ ಔಷಧಿ ತಗೊಳ್ಳಲು ಬಂದಿದ್ದ. ಹುಬ್ಬಳ್ಳಿಯಲ್ಲಿ ನೌಕರಿ, ನಿಶ್ಚಯ ಆಗಿತ್ತು. ಚೀಟಿ ಬರೆದು ಕೊಟ್ಟ ಮೇಲೂ ಏಳಲಿಲ್ಲ. "ಡಾಕ್ಟರ್ರ, ಆಕಿಗೆ ಒಂದು ಸೆಂಟ್ ಕೊಡಬೇಕಂತ ಮಾಡೀನ್ರಿ. ಯಾವುದು ಹಿಡಸ್ತದ, ಯಾವುದು ಒಗ್ಗಂಗಿಲ್ಲ, ಏನೂ ಗೊತ್ತಿಲ್ರಿ." ಮನಸ್ಸಿನಲ್ಲಿ ನೂರು ಮಿಲಿಯ ದೊಡ್ಡ ಬಾಟಲಿ ಇತ್ತು. ಜೊತೆಗೆ ಚಿಕ್ಕ ಅತ್ತರ್ ಸೀಸೆ.

ಹುಡುಗಿಯನ್ನೇ ಕೇಳಿದರೆ ಉಡುಗೊರೆಯ ಗುಟ್ಟು ರಟ್ಟಾಗುತ್ತದಲ್ವಾ? ಆಕೆಯ ತಂಗಿಯನ್ನು ಕೇಳಪ್ಪ ಅಂದೆ. ಬಚ್ಚಲಲ್ಲಿ ಯಾವ ಸೋಪ್ ಇದೆ? ಯಾವುದಾದರೂ ಕ್ರೀಮ್, ಡಿಯೋಡರೆಂಟ್ ತಂದು ಅರ್ಧಕ್ಕೇ ಬಿಟ್ಟಿದ್ದಾಳಾ? ಊದಿನಕಡ್ಡಿ ಹೊಗೆಗೆ ತಲೆ ಸಿಡಿಯುತ್ತದಾ? ಮನೆಯಲ್ಲಿ ಯಾರಿಗಾದರೂ ಉಬ್ಬಸದ ಪಂಪ್ ಇದೆಯಾ? ಮೊದಲನೆಯದು ರುಚಿಯ ಸುಳಿವು. ವರ್ಷಗಳಿಂದ ಒಂದೇ ವಾಸನೆಯ ಸೋಪ್ ಬಳಸುವವರಿಗೆ ಆ ಜಾತಿಯ ವಾಸನೆ ಹಿಡಿಸಿದೆ ಅಂತಲೇ. ಚರ್ಮಕ್ಕೂ ಒಗ್ಗಿದೆ ಅಂತ ಮಾತ್ರ ಹೇಳಲಾಗದು. ಸೋಪ್ ತೊಳೆದುಹೋಗುತ್ತದೆ, ಸೆಂಟ್ ದಿನವಿಡೀ ಕೂತಿರುತ್ತದೆ. ಉಳಿದ ಮೂರು ಪ್ರಶ್ನೆ ಅಪಾಯ ತಿಳಿಯಲಿಕ್ಕೆ. ಅವರಿಗಾಗಲಿ, ಅದೇ ಮನೆಯಲ್ಲಿ ಯಾರಿಗಾಗಲಿ ಉಬ್ಬಸ ಇದ್ದರೆ ಸೆಂಟ್ ಬೇಡವೇ ಬೇಡ, ಸೀರೆ ಕೊಡಿ ಅನ್ನುತ್ತೇನೆ.

ಸಂಜೆ ಫೋನ್ ಬಂತು. ಗಂಧದ ಸೋಪ್, ಚಿಕ್ಕವಳಿದ್ದಾಗಿಂದ ಅದೇ. ಊದಿನಕಡ್ಡಿ ತೊಂದರೆಯಿಲ್ಲ, ಉಬ್ಬಸ ಯಾರಿಗೂ ಇಲ್ಲ. ಆದರೆ ಡಿಯೋಡರೆಂಟ್ ಒಂದು ಬಿಟ್ಟಿದ್ದಾಳೆ, ಕಂಕುಳು ತುರಿಸುತ್ತಿತ್ತಂತೆ. ಯಾವಾಗ ತುರಿಸುತ್ತಿತ್ತು ಅಂತ ಮತ್ತೆ ಕೇಳಿಸಿದೆ. ಶೇವ್ ಮಾಡಿದ ದಿನವೇ ಉರಿದು ಸಂಜೆಗೆ ಹೋಗುತ್ತಿದ್ದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಹಾಗಿರಲಿಲ್ಲ. ಎರಡು ದಿನದ ಮೇಲೆ ಶುರುವಾಗಿ, ಸಿಪ್ಪೆ ಎದ್ದು, ಕಪ್ಪಾಗಿ ಉಳಿದಿತ್ತು. ಇದು ಅಲರ್ಜಿಯ ನಡಿಗೆ. ಡಿಯೋಡರೆಂಟಿನ ಸುವಾಸನೆಯ ಮೇಲೆ ಅನುಮಾನ ಪಡಲೇಬೇಕು.

ಅತ್ತರ್ ಅಂತೂ ಬೇಡ ಅಂದೆ. "ಅದರಾಗ ಆಲ್ಕೋಹಾಲ್ ಇಲ್ಲರಿ, ಪೂರಾ ನ್ಯಾಚುರಲ್ ಅಂತ ಅಂಗಡಿಯವ್ರು ಹೇಳ್ಯಾರ್ರಿ" ಅಂದ. ನ್ಯಾಚುರಲ್ ಅನ್ನುವ ಮಾತಿಗೆ ಚರ್ಮ ಮರುಳಾಗುವುದಿಲ್ಲ. ಗುಲಾಬಿ ಎಣ್ಣೆಯಲ್ಲಿ ಇರುವ ಜೆರಾನಿಯಾಲ್, ಲವಂಗದ ಯುಜಿನಾಲ್, ಇವೆಲ್ಲ ಅಲರ್ಜಿ ತರುವವರ ಪಟ್ಟಿಯಲ್ಲೇ ಇವೆ. ಸ್ಪ್ರೇ ಸೆಂಟಿನಲ್ಲಿ ಬಹುಪಾಲು ಆಲ್ಕೋಹಾಲು, ಅದು ಹಾರಿಹೋಗುತ್ತದೆ. ಅತ್ತರ್ ಗಟ್ಟಿ ಎಣ್ಣೆ, ನೇರ ಚರ್ಮಕ್ಕೇ ತಿಕ್ಕುತ್ತೇವೆ, ಅಲ್ಲೇ ಕೂರುತ್ತದೆ. ಅದೂ ಅಲ್ಲದೆ ಬಿಡಿಯಾಗಿ ತುಂಬಿಕೊಡುವ ಸೀಸೆಯ ಮೇಲೆ ಒಳಗೇನಿದೆ ಅಂತ ಬರೆದಿರುವುದಿಲ್ಲ. ಅತ್ತರ್ ನನಗೂ ಇಷ್ಟವೇ, ಆದರೆ ಚರ್ಮದ ಸ್ವಭಾವ ಗೊತ್ತಿಲ್ಲದವರಿಗೆ ಕೊಡಲಾರೆ.

ಕೊನೆಗೆ ಅವನು ಕೊಂಡದ್ದು ಹತ್ತು ಮಿಲಿಯ ಸ್ಪ್ರೇ. ಗಂಧದ ಕಡೆಗೆ ವಾಲುವ ವಾಸನೆ. ಡಬ್ಬಿಯ ಮೇಲೆ 'ಓ ದ ಟಾಯ್ಲೆಟ್' ಅಂತಿತ್ತು. 'ಓ ದ ಪರ್ಫ್ಯೂಮ್'ಗಿಂತ ಇದರಲ್ಲಿ ಸುವಾಸನೆಯ ಅಂಶ ಸಾಮಾನ್ಯವಾಗಿ ಕಡಿಮೆ. ಸೀಲ್ ಒಡೆದಿರಬಾರದು, ತಯಾರಾದ ತಿಂಗಳು ನೋಡು ಅಂದಿದ್ದೆ. ಕಾರಣ ಇದೆ. ಎಷ್ಟೋ ಸೆಂಟುಗಳಲ್ಲಿರುವ ಲಿಮೊನೀನ್, ಲಿನಾಲೂಲ್ ಹೊಸದರಲ್ಲಿ ಅಷ್ಟು ಉಪದ್ರವ ಕೊಡುವುದಿಲ್ಲ. ಗಾಳಿ ತಾಗಿ ಕೆಟ್ಟ ಮೇಲೆ ಅವೇ ಜೋರು ಅಲರ್ಜಿ ತರುತ್ತವೆ. ಅಂಗಡಿಯ ಟೆಸ್ಟರ್ ಬಾಟಲಿ, ಡಿಸ್ಕೌಂಟಿಗೆ ಬಂದ ಹಳೇ ಮಾಲು ಬೇಡ ಅನ್ನುವುದು ಅದಕ್ಕೇ.

ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವಾಗ ಒಂದು ಮೋಸ ಹೋಗುತ್ತೇವೆ. ಪಟ್ಟಿ ಚಿಕ್ಕದಿದ್ದರೆ ಒಳ್ಳೆಯದು ಅಂದುಕೊಳ್ಳುತ್ತೇವೆ. ಯುರೋಪಿನಲ್ಲಿ 2005ರಿಂದ ಅಲರ್ಜಿ ತರುವ 26 ಸುವಾಸನೆಯ ವಸ್ತುಗಳು ನಿಗದಿತ ಪ್ರಮಾಣ ದಾಟಿದ್ದರೆ ಹೆಸರು ಹೇಳಲೇಬೇಕು. 2023ರ ನಿಯಮ ಆ ಪಟ್ಟಿಯನ್ನು 80 ದಾಟಿಸಿತು. ಹಾಗಾಗಿ ಅಲ್ಲಿಗೆಂದು ತಯಾರಾದ ಡಬ್ಬಿಯ ಮೇಲೆ ಹೆಸರುಗಳು ಸಾಲುಗಟ್ಟಿರುತ್ತವೆ. ನಮ್ಮಲ್ಲಿ ಸಿಗುವ ಎಷ್ಟೋ ಡಬ್ಬಿಗಳ ಮೇಲೆ 'ಪರ್ಫ್ಯೂಮ್' ಅಂತ ಒಂದೇ ಪದ. ಅವೆಲ್ಲ ಆ ಒಂದು ಪದದ ಒಳಗೇ ಅಡಗಿರಬಹುದು. ಉದ್ದ ಪಟ್ಟಿ ಇದ್ದ ಡಬ್ಬಿಯೇ ನನಗೆ ವಾಸಿ. ಮುಂದೆ ತುರಿಕೆ ಬಂದರೆ ಹುಡುಕಲು ಏನಾದರೂ ಸಿಗುತ್ತದೆ. ಅಲರ್ಜಿ ತರುವುದು ಕಡಿಮೆ ಅಂತ ಹೇಳುವ 'ಹೈಪೋಅಲರ್ಜೆನಿಕ್' ಮುದ್ರೆಗೆ ಮಾತ್ರ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಇನ್ನು ಕೊಡುವ ರೀತಿ. ಹಿಂದೆ ಯಾವ ತೊಂದರೆಯೂ ಆಗದವರಾದರೆ ಹೀಗೆ ಹೇಳಿಕೊಡಬಹುದು: ಮೊಣಕೈ ಮಡಚುವ ಒಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ ಅಲ್ಲಿಗೇ ನಿಲ್ಲಿಸಿ. ಈ ಹುಡುಗಿಗೆ ಅದೂ ಬೇಡ ಅಂದೆ. ಡಿಯೋಡರೆಂಟಿನ ಕಥೆ ಇದ್ದ ಮೇಲೆ ಚರ್ಮಕ್ಕೇಕೆ, ಬಟ್ಟೆಗೆ ಸಾಕು. ಹತ್ತಿಯ ಕರವಸ್ತ್ರ ಒಂದು ಜೊತೆಗಿಡು, ಅದಕ್ಕೆ ಹೊಡೆದು, ಒಣಗಿದ ಮೇಲೆ ಪರ್ಸಿನಲ್ಲಿಟ್ಟುಕೊಳ್ಳಲಿ. ಬ್ಲೌಸಿನ ಕಂಕುಳಿಗೆ ಬೇಡ, ನಮ್ಮ ಏಪ್ರಿಲ್ ಬೆವರಿಗೆ ಅದು ಚರ್ಮಕ್ಕೆ ಇಳಿಯುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗಿಗಂತೂ ಹೊಡೆಯಲೇಬೇಡಿ, ಕಲೆ ಉಳಿದೀತು. ಕುತ್ತಿಗೆಗೆ ಹೊಡೆದು ಬಿಸಿಲಿಗೆ ಹೋಗುವುದೂ ಬೇಡ. ಬರ್ಗಮಾಟ್ ಎನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆಯಲ್ಲಿರುವ ಒಂದು ಅಂಶ ಬಿಸಿಲಿನ ಜೊತೆ ಸೇರಿ ಸೆಂಟ್ ಹರಿದ ದಾರಿಗುಂಟ ಕಪ್ಪು ಪಟ್ಟೆ ಮೂಡಿಸುತ್ತದೆ. ತಿಂಗಳುಗಟ್ಟಲೆ ಹೋಗುವುದಿಲ್ಲ.

ಮದುವೆಯಾದ ಮೇಲೆ ಆ ಹುಡುಗಿಯೇ ಬಂದಿದ್ದಳು. ಅನುಮಾನದ ವಸ್ತುಗಳನ್ನು ಚೂರುಚೂರು ಬೆನ್ನಿಗೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿ, 48 ಗಂಟೆಗೆ ಅವನ್ನು ತೆಗೆದು ಒಮ್ಮೆ, ಮತ್ತೆ ನಾಲ್ಕನೇ ದಿನ ಒಮ್ಮೆ ನೋಡಿದೆವು. ಎರಡನೇ ಸಲಕ್ಕೆ ಸುವಾಸನೆಗಳ ಮಿಶ್ರಣದ ಜಾಗ ಕೆಂಪಾಗಿ ಉಬ್ಬಿತ್ತು. ಕರವಸ್ತ್ರ ಮಾತ್ರ ಪರ್ಸಿನಲ್ಲೇ ಇತ್ತು, ಅದರಿಂದ ಏನೂ ತೊಂದರೆ ಆಗಿರಲಿಲ್ಲ.

ನೀವು ಕೊಟ್ಟ ಸೆಂಟಿನಿಂದ ಯಾರಿಗಾದರೂ ತುರಿಕೆ ಎದ್ದರೆ ಆ ಜಾಗ ನೀರಲ್ಲಿ ತೊಳೆದು, ಸೆಂಟ್ ನಿಲ್ಲಿಸಲು ಹೇಳಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಟ್ಯೂಬ್ ಹಚ್ಚಬೇಡಿ. ಅವುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ, ಕುತ್ತಿಗೆಯ ಚರ್ಮ ತೆಳುವಾಗುತ್ತದೆ. ಡಾಕ್ಟರ ಹತ್ತಿರ ಬರುವಾಗ ಬಾಟಲಿಯ ಜೊತೆ ಅದರ ಡಬ್ಬಿಯನ್ನೂ ತನ್ನಿ. ನಮಗೆ ಬೇಕಾದದ್ದು ಬರೆದಿರುವುದು ಡಬ್ಬಿಯ ಮೇಲೆ.