Ksp ಸಣ್ಣದಿದ್ದರೆ ಮೊದಲು ತಳಕ್ಕೆ ಕೂರುತ್ತಾ?

ನೀರು ಪರೀಕ್ಷೆ ಮಾಡುವ ನಮ್ಮ ಲ್ಯಾಬಿಗೆ ಪ್ರತಿ ವರ್ಷ ಎಂ.ಎಸ್ಸಿ. ಮುಗಿಸಿದ ಮಕ್ಕಳು ಸೇರುತ್ತಾರೆ. ಚುರುಕಾದವರು, ಕೈ ಶುದ್ಧ ಇರುವವರು. ಬ್ಯುರೆಟ್ ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಪ್ರಶ್ನೆಗೆ ಅವರಲ್ಲಿ ಹೆಚ್ಚಿನವರು ತಪ್ಪು ಉತ್ತರ ಕೊಡುತ್ತಾರೆ, ಅದೂ ಪೂರ್ತಿ ಧೈರ್ಯದಿಂದ.

ಪ್ರಶ್ನೆ ಇದು. ಕ್ಲೋರೈಡ್ ಇರುವ ಬೋರ್‌ವೆಲ್ ನೀರಿಗೆ ಸ್ವಲ್ಪ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದ್ದೇವೆ. ಈಗ ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ ಬಿಡುತ್ತೇವೆ. ಸಿಲ್ವರ್ ಕ್ಲೋರೈಡಿನ ಕರಗುವಿಕೆಯ ಗುಣಲಬ್ಧ, ಅಂದರೆ Ksp, 1.8×10⁻¹⁰. ಸಿಲ್ವರ್ ಕ್ರೋಮೇಟಿನದು 1.1×10⁻¹². ಯಾವುದು ಮೊದಲು ಪ್ರೆಸಿಪಿಟೇಟ್ ಆಗುತ್ತದೆ?

"ಕ್ರೋಮೇಟ್ ಸರ್. ಅದರ Ksp ನೂರು ಪಟ್ಟು ಚಿಕ್ಕದು, ಅಂದರೆ ಅದೇ ಕಡಿಮೆ ಕರಗುವುದು."

ಸರಿ, ಹಾಗಾದರೆ ಬ್ಯುರೆಟ್ ತೆರೆಯಪ್ಪ ಅನ್ನುತ್ತೇನೆ. ಫ್ಲಾಸ್ಕ್ ಬಿಳಿಯಾಗಿ ಕದಡುತ್ತದೆ. ಹತ್ತು ಮಿ.ಲೀ. ಹೋದರೂ ಬಿಳಿ, ಇಪ್ಪತ್ತು ಹೋದರೂ ಬಿಳಿ. ಕ್ರೋಮೇಟಿನ ಇಟ್ಟಿಗೆ ಕೆಂಪು ಬರುವುದು ಕಟ್ಟಕಡೆಗೆ. ಕಾರ್ಲ್ ಫ್ರೆಡ್ರಿಕ್ ಮೋರ್ 1856ರಲ್ಲಿ ಪ್ರಕಟಿಸಿದ, ಕ್ಲೋರೈಡ್ ಅಳೆಯುವ ಈ ವಿಧಾನ ಇವತ್ತಿಗೂ ನಡೆಯುತ್ತಿರುವುದು ಬಿಳಿ ಮೊದಲು, ಕೆಂಪು ಆಮೇಲೆ ಬರುವುದರಿಂದಲೇ. ಈ ಮಕ್ಕಳು ಕಾಲೇಜಿನಲ್ಲಿ ಇದನ್ನು ಕಣ್ಣಾರೆ ನೋಡಿರುತ್ತಾರೆ. ಆದರೂ ಎರಡು ಸಂಖ್ಯೆ ಎದುರಿಗಿಟ್ಟರೆ ಸಾಕು, ಕಣ್ಣು ಕಂಡದ್ದನ್ನು ಬಿಟ್ಟು ಸಣ್ಣ ಸಂಖ್ಯೆಯ ಹಿಂದೆ ಓಡುತ್ತಾರೆ.

ತಪ್ಪು ಎಲ್ಲಿದೆ? ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತೆಯೇ ಇಲ್ಲ. ಸಿಲ್ವರ್ ಕ್ಲೋರೈಡಿನ Ksp ಅಂದರೆ ಒಂದು ಸಿಲ್ವರ್ ಸಾಂದ್ರತೆ ಗುಣಿಸು ಒಂದು ಕ್ಲೋರೈಡ್ ಸಾಂದ್ರತೆ. ಕ್ರೋಮೇಟಿನಲ್ಲಿ ಎರಡು ಸಿಲ್ವರ್ ಇವೆ. ಹಾಗಾಗಿ ಅಲ್ಲಿ ಸಿಲ್ವರ್ ಸಾಂದ್ರತೆಯ ವರ್ಗವನ್ನು ಕ್ರೋಮೇಟಿನಿಂದ ಗುಣಿಸಬೇಕು. ಮೊದಲನೆಯದು ಎರಡು ಸಾಂದ್ರತೆಗಳ ಗುಣಲಬ್ಧ, ಎರಡನೆಯದು ಮೂರರದ್ದು. ಸೈಟು 1200 ಚದರ ಅಡಿ, ಸಂಪು 300 ಘನ ಅಡಿ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ನಾವು ನಗುತ್ತೇವೆ ಅಲ್ವಾ? ಇಲ್ಲಿ ನಡೆಯುವುದೂ ಅದೇ. ಚಿಕ್ಕ ಚಿಕ್ಕ ಸಂಖ್ಯೆಗಳನ್ನು ಮೂರು ಸಲ ಗುಣಿಸಿದರೆ ಉತ್ತರ ಎರಡು ಸಲ ಗುಣಿಸಿದ್ದಕ್ಕಿಂತ ಸುಮ್ನೆ ಚಿಕ್ಕದಾಗಿ ಕಾಣುತ್ತದೆ.

ಸಿಲ್ವರ್ ಕ್ಲೋರೈಡ್ ಮತ್ತು ಸಿಲ್ವರ್ ಅಯೋಡೈಡ್ ಆಗಿದ್ದರೆ ನೇರ ಹೋಲಿಕೆಗೆ ನನ್ನ ತಕರಾರಿಲ್ಲ. ಎರಡರಲ್ಲೂ ಒಂದಕ್ಕೆ ಒಂದು. ಆಗಲೂ ಎರಡು ಅಯಾನುಗಳ ಸಾಂದ್ರತೆ ಹೆಚ್ಚುಕಮ್ಮಿ ಒಂದೇ ಇರಬೇಕು ಅನ್ನುವುದನ್ನು ಮರೆಯಬಾರದು.

ಹಾಗಾದರೆ ಏನನ್ನು ಹೋಲಿಸಬೇಕು? ಎರಡಕ್ಕೂ ಹಾಕುತ್ತಿರುವುದು ಸಿಲ್ವರ್ ಒಂದೇ. ಆದ್ದರಿಂದ ಕೇಳಬೇಕಾದ್ದು ಇಷ್ಟೇ: ಈ ಫ್ಲಾಸ್ಕಿನಲ್ಲಿ, ಈಗ ಇರುವ ಸಾಂದ್ರತೆಯಲ್ಲಿ, ಯಾವುದು ಶುರುವಾಗಲು ಎಷ್ಟು ಸಿಲ್ವರ್ ಬೇಕು? ಕಡಿಮೆ ಸಿಲ್ವರ್ ಸಾಕು ಅನ್ನುವುದು ಮೊದಲು ಇಳಿಯುತ್ತದೆ.

ದಿನಾ ನೋಡುವ ನೀರನ್ನೇ ತೆಗೆದುಕೊಳ್ಳೋಣ. ಕುಡಿಯುವ ನೀರಿನ ಮಾನದಂಡ IS 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ. ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1000 ತನಕ ಒಪ್ಪಬಹುದು. ನಮ್ಮ ನೀರಿನಲ್ಲಿ ಸರಿಯಾಗಿ 250 ಇದೆ ಅನ್ನಿ. ಅದನ್ನು 35.45ರಿಂದ ಭಾಗಿಸಿದರೆ ಸುಮಾರು 7.05×10⁻³ ಮೋಲಾರ್. 100 ಮಿ.ಲೀ. ನೀರಿಗೆ ಶೇ. 5ರ ಪೊಟ್ಯಾಸಿಯಂ ಕ್ರೋಮೇಟ್ ದ್ರಾವಣ 1 ಮಿ.ಲೀ. ಹಾಕಿದರೆ ಕ್ರೋಮೇಟ್ ಸುಮಾರು 2.6×10⁻³ ಮೋಲಾರ್ ಆಗುತ್ತದೆ.

```
AgCl ಶುರುವಾಗಲು:
[Ag⁺] = 1.8×10⁻¹⁰ / 7.05×10⁻³ = 2.6×10⁻⁸

Ag₂CrO₄ ಶುರುವಾಗಲು:
[Ag⁺] = √(1.1×10⁻¹² / 2.6×10⁻³) = 2.1×10⁻⁵
```

ಕ್ರೋಮೇಟಿಗೆ ಸುಮಾರು 800 ಪಟ್ಟು ಜಾಸ್ತಿ ಸಿಲ್ವರ್ ಬೇಕು. ಬಿಳಿ ಮೊದಲು ಬರುವುದಕ್ಕೆ ಇದೇ ಕಾರಣ. ವರ್ಗಮೂಲ ತೆಗೆಯುವ ಆ ಒಂದು ಹೆಜ್ಜೆಯಲ್ಲಿ 10⁻¹⁰ರ ಆಸುಪಾಸಿನ ಸಂಖ್ಯೆ 10⁻⁵ಕ್ಕೆ ಏರುತ್ತದೆ. ಮಕ್ಕಳು ಹಾರಿಸುವುದು ಆ ಹೆಜ್ಜೆಯನ್ನೇ.

ಈಗ ಎರಡನೇ ಪ್ರಶ್ನೆ. ಕೆಂಪು ಶುರುವಾಗುವ ಹೊತ್ತಿಗೆ ನೀರಿನಲ್ಲಿ ಎಷ್ಟು ಕ್ಲೋರೈಡ್ ಉಳಿದಿರುತ್ತದೆ? ಫ್ಲಾಸ್ಕಿನಲ್ಲಿರುವ ಸಿಲ್ವರ್ ಸಾಂದ್ರತೆ ಒಂದೇ. ಕ್ಲೋರೈಡಿಗೆ ಬೇರೆ, ಕ್ರೋಮೇಟಿಗೆ ಬೇರೆ ಇರುವುದಿಲ್ಲ. ಆ ಗಳಿಗೆಯಲ್ಲಿ ಅದು 2.1×10⁻⁵. ಅದನ್ನೇ ಸಿಲ್ವರ್ ಕ್ಲೋರೈಡಿನ Ksp ಒಳಗೆ ಹಾಕಿ.

```
[Cl⁻] = 1.8×10⁻¹⁰ / 2.1×10⁻⁵ = 8.6×10⁻⁶ ಮೋಲಾರ್
```

ಲೀಟರಿಗೆ ಸುಮಾರು 0.3 ಮಿ.ಗ್ರಾಂ. ಅಂದರೆ 250ರಲ್ಲಿ ಶೇ. 0.12ರಷ್ಟು ಮಾತ್ರ ಉಳಿದಿದೆ, ಉಳಿದದ್ದೆಲ್ಲ ತಳದಲ್ಲಿದೆ. ಬ್ಯುರೆಟ್ಟಿನಿಂದ ಬಂದ ದ್ರಾವಣವೂ ಸೇರಿ ಫ್ಲಾಸ್ಕಿನ ಗಾತ್ರ ಹೆಚ್ಚುತ್ತದೆ, ಅದನ್ನು ನಾನು ಇಲ್ಲಿ ಬಿಟ್ಟಿದ್ದೇನೆ. 0.0141 ನಾರ್ಮಲ್ ಸಿಲ್ವರ್ ನೈಟ್ರೇಟ್ ಆದರೆ ಈ ನೀರಿಗೆ 50 ಮಿ.ಲೀ. ಹೋಗುತ್ತದೆ, ಒಟ್ಟು 150 ಆಗುತ್ತದೆ. ಆ ಲೆಕ್ಕ ಸೇರಿಸಿದರೆ 0.3 ಇದ್ದದ್ದು 0.25ರ ಹತ್ತಿರ ಬರುತ್ತದೆ. Ksp ಬೆಲೆಗಳೂ ಪುಸ್ತಕದಿಂದ ಪುಸ್ತಕಕ್ಕೆ ತುಸು ಬದಲಾಗುತ್ತವೆ, ಉಷ್ಣತೆಗೂ ಬದಲಾಗುತ್ತವೆ. ಆದ್ದರಿಂದ ಇಂಥ ಉತ್ತರವನ್ನು ನಾಲ್ಕು ದಶಮಾಂಶಕ್ಕೆ ಬರೆದು ತೋರಿಸಿದರೆ ನನಗೆ ರೇಗುತ್ತದೆ.

ಇಷ್ಟು ಹೇಳಿದ ಮೇಲೆ ಜಾಣ ಮಕ್ಕಳು ಒಂದು ಮಾತು ತೆಗೆಯುತ್ತಾರೆ. "ಹಾಗಾದರೆ ನಮ್ಮ ರಿಪೋರ್ಟಿನಲ್ಲಿ 0.3 ಕಡಿಮೆ ಬರುತ್ತದಲ್ಲ ಸರ್?" ಬರುವುದಿಲ್ಲ. ಬ್ಯುರೆಟ್ ಎಣಿಸುವುದು ತಳದಲ್ಲಿ ಕೂತದ್ದನ್ನಲ್ಲ, ನಾವು ಹಾಕಿದ ಸಿಲ್ವರನ್ನು. ಹಾಕಿದ ಸಿಲ್ವರ್ ಇದ್ದ ಕ್ಲೋರೈಡಿಗೆ ಸರಿಸಮ ಆದ ಬಿಂದುವಿನಲ್ಲೂ ಸ್ವಲ್ಪ ಕ್ಲೋರೈಡ್ ಕರಗಿಯೇ ಇರುತ್ತದೆ, ಅಷ್ಟೇ ಸಿಲ್ವರ್ ಕೂಡ ಕರಗಿರುತ್ತದೆ. 1.8×10⁻¹⁰ರ ವರ್ಗಮೂಲ 1.3×10⁻⁵, ಎರಡೂ ಅಷ್ಟಷ್ಟು. ಕೆಂಪು ಶುರುವಾಗುವುದು 2.1×10⁻⁵ಕ್ಕೆ, ಅಂದರೆ ಆ ಬಿಂದು ದಾಟಿ ಒಂದಿಷ್ಟು ಮುಂದೆ. ಕಣ್ಣಿಗೆ ಕಾಣುವಷ್ಟು ಕೆಂಪಾಗಲು ಇನ್ನೊಂದಿಷ್ಟು ಬೇಕು. ಹಾಗಾಗಿ ಫಲಿತಾಂಶ ತಪ್ಪುವುದಾದರೆ ತುಸು ಜಾಸ್ತಿಯ ಕಡೆಗೆ ತಪ್ಪುತ್ತದೆ.

ಬ್ಲ್ಯಾಂಕ್ ಮಾಡುವುದು ಇದಕ್ಕೇ. ಡಿಸ್ಟಿಲ್ಡ್ ನೀರಿಗೆ ಅಷ್ಟೇ ಕ್ರೋಮೇಟ್ ಹಾಕಿ ಕೆಂಪು ತಂದರೆ ಸಾಮಾನ್ಯವಾಗಿ 0.2ರಿಂದ 0.3 ಮಿ.ಲೀ. ಹೋಗುತ್ತದೆ. ಅದನ್ನು ಕಳೆಯಬೇಕು. ಕಳೆಯದಿದ್ದರೆ ಲೀಟರಿಗೆ ಒಂದು, ಒಂದೂವರೆ ಮಿ.ಗ್ರಾಂ. ಹೆಚ್ಚು ಬರುತ್ತದೆ. 250ರ ನೀರಿಗೆ ಅದು ಲೆಕ್ಕಕ್ಕಿಲ್ಲ. 10ರ ನೀರಿಗೆ ಶೇ. 10 ದಾಟುತ್ತದೆ. ತುಂಬ ಉಪ್ಪಾದ ನೀರನ್ನು ಹತ್ತು ಪಟ್ಟು ತೆಳು ಮಾಡಿ ನೋಡಿದರೆ, ಕೊನೆಗೆ ಹತ್ತರಿಂದ ಗುಣಿಸುವಾಗ ಈ ತಪ್ಪೂ ಹತ್ತು ಪಟ್ಟಾಗುತ್ತದೆ.

ಯಾವುದು ಮೊದಲು ಅನ್ನುವುದು ಸಾಂದ್ರತೆ ಬದಲಾದರೆ ತಿರುಗಬಹುದು. ಮೇಲಿನ ಲೆಕ್ಕವನ್ನೇ ಹಿಂದುಮುಂದು ಮಾಡಿ ನೋಡಿ. ಕ್ಲೋರೈಡ್ ಮೊದಲೇ ಲೀಟರಿಗೆ 0.3 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ, ಇದೇ ಕ್ರೋಮೇಟ್ ಪ್ರಮಾಣದಲ್ಲಿ, ಕೆಂಪೇ ಮೊದಲು ಶುರುವಾಗಬೇಕು. ಡೀಮಿನರಲೈಸ್ಡ್ ನೀರಿನ ಕ್ಲೋರೈಡನ್ನು ಈ ವಿಧಾನದಲ್ಲಿ ಅಳೆಯಲು ಕೂರಬೇಡಿ ಎಂದು ನಾವು ಹೇಳುವುದು ಇದಕ್ಕೆ. ಅಂಥ ನೀರಿಗೆ ಅಯಾನ್ ಕ್ರೊಮಾಟೋಗ್ರಫಿ ಇದೆ.

ಟೈಟ್ರೇಶನ್ ಶುರುವಿನಲ್ಲೇ ಒಂದು ನೋಟ ಸಿಗುತ್ತದೆ. ಬ್ಯುರೆಟ್ಟಿನ ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ಕೆಂಪು ಕಾಣುತ್ತದೆ, ಫ್ಲಾಸ್ಕ್ ಆಡಿಸಿದರೆ ಮಾಯ. ಹೊಸಬರು ಇದನ್ನು ನೋಡಿ "ಕ್ರೋಮೇಟೇ ಮೊದಲು ಬಂತಲ್ಲ" ಎಂದು ವಾದಕ್ಕೆ ಬರುತ್ತಾರೆ. ಹನಿ ಬಿದ್ದ ಜಾಗದಲ್ಲಿ ಸಿಲ್ವರ್ ಆ ಕ್ಷಣಕ್ಕೆ ತುಂಬ ದಟ್ಟವಾಗಿರುತ್ತದೆ, ಅಲ್ಲಿ ಎರಡೂ ಇಳಿಯುತ್ತವೆ. ಕಲಕಿದಾಗ ಉಳಿದ ಕ್ಲೋರೈಡ್ ಸಿಲ್ವರನ್ನು ಕಿತ್ತುಕೊಳ್ಳುತ್ತದೆ, ಕ್ರೋಮೇಟ್ ಮತ್ತೆ ನೀರಿಗೆ ಮರಳುತ್ತದೆ. ಆ ಕೆಂಪು ಮಾಯವಾಗಲು ಹೊತ್ತು ಹಿಡಿಯತೊಡಗಿತು ಅಂದರೆ ಕೊನೆ ಹತ್ತಿರ ಬಂತು, ಕೈ ನಿಧಾನ ಮಾಡಿ. ಆತುರಕ್ಕೆ ಬಿದ್ದು ಧಾರೆಯಾಗಿ ಬಿಟ್ಟು, ಕಲಕದೆ ಬಣ್ಣ ನೋಡಿದರೆ ಈ ಲೆಕ್ಕ ಯಾವುದೂ ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಒಮ್ಮೆ ಒಂದು ಅಪಾರ್ಟ್‌ಮೆಂಟಿನವರ ನೀರಿಗೆ ನಮ್ಮ ಹುಡುಗಿಯೊಬ್ಬಳು ಸಿಲ್ವರ್ ನೈಟ್ರೇಟ್ ಬಿಡುತ್ತಲೇ ಇದ್ದಳು, ಕೆಂಪು ಬರಲೇ ಇಲ್ಲ. "ಇದು ಸಮುದ್ರದ ನೀರೇ ಇರಬೇಕು ಸರ್" ಅಂದಳು. ಫ್ಲಾಸ್ಕ್ ನೋಡಿದರೆ ನಿಂಬೆ ಹಳದಿ ಇರಬೇಕಾದ್ದು ಕಿತ್ತಳೆಯಾಗಿತ್ತು. ನೀರು ತಂದವರು ಲೋಹಗಳ ಪರೀಕ್ಷೆಗೆ ಕೊಟ್ಟಿದ್ದ, ನೈಟ್ರಿಕ್ ಆಮ್ಲ ಹಾಕಿದ ಬಾಟಲಿಯಲ್ಲೇ ಇದನ್ನೂ ತುಂಬಿದ್ದರು. ಆಮ್ಲದಲ್ಲಿ ಕ್ರೋಮೇಟ್ ಬೇರೆ ರೂಪಕ್ಕೆ, ಡೈಕ್ರೋಮೇಟಿನ ಕಡೆಗೆ ಹೋಗುತ್ತದೆ. ಲೆಕ್ಕದಲ್ಲಿ ನಾವು ಬರೆದ 2.6×10⁻³ ಆಗ ಕಾಗದದ ಮೇಲೆ ಮಾತ್ರ ಇರುತ್ತದೆ. ಕ್ರೋಮೇಟ್ ಕಡಿಮೆಯಾದಷ್ಟೂ ಕೆಂಪಿಗೆ ಬೇಕಾದ ಸಿಲ್ವರ್ ಹೆಚ್ಚುತ್ತದೆ. ಬೇರೆ ಬಾಟಲಿಯಲ್ಲಿ ನೀರು ತರಿಸಿ ಮಾಡಿದೆವು, ಸಾಮಾನ್ಯ ಬೋರ್‌ವೆಲ್ ನೀರು. ಆ ಹುಡುಗಿ ಈಗ ನಮ್ಮಲ್ಲಿ ಎಲ್ಲರಿಗಿಂತ ಮೊದಲು pH ನೋಡುವವಳು.

pH 7ರಿಂದ 10ರ ನಡುವೆ ಇರಲಿ. 10 ದಾಟಿದರೆ ಸಿಲ್ವರ್ ಹೈಡ್ರಾಕ್ಸೈಡಿನ ದಾರಿ ಹಿಡಿದು ಕಂದು ಬಣ್ಣದ ಸಿಲ್ವರ್ ಆಕ್ಸೈಡ್ ಆಗುತ್ತದೆ. ಆಗ ಸಿಲ್ವರಿಗೆ ಪೈಪೋಟಿ ನಡೆಸುವವರು ಇಬ್ಬರಲ್ಲ, ಮೂವರು. ನೀರಿನಲ್ಲಿ ಬ್ರೋಮೈಡ್, ಅಯೋಡೈಡ್ ಇದ್ದರೆ ಅವೂ ಕ್ಲೋರೈಡಿನ ಲೆಕ್ಕಕ್ಕೇ ಸೇರುತ್ತವೆ, ಏಕೆಂದರೆ ಅವುಗಳಿಗೆ ಬೇಕಾದ ಸಿಲ್ವರ್ ಇನ್ನೂ ಕಡಿಮೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಅವು ಅಷ್ಟು ಇರುವುದಿಲ್ಲ. ಆದರೆ ಕಾರ್ಖಾನೆಯ ನೀರು ಬಂದರೆ ನಾನು ಕೇಳದೆ ಸಹಿ ಹಾಕುವುದಿಲ್ಲ.

ಟೈಟ್ರೇಶನ್ ಮುಗಿದ ಫ್ಲಾಸ್ಕನ್ನು ಸಿಂಕಿಗೆ ಸುರಿಯಬೇಡಿ. ಅದರಲ್ಲಿರುವುದು ಆರನೇ ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಬೇರೆ ಕ್ಯಾನಿಗೆ ಹಾಕಿ, ಹೊರಗೆ ಲೇಬಲ್ ಅಂಟಿಸಿ. ಸಿಲ್ವರ್ ಕೂಡ ಅದರೊಳಗೇ ಇರುತ್ತದೆ. ಬೆಲೆ ನೋಡಿದವರು ಅದನ್ನೂ ವಾಪಸ್ ತೆಗೆಯುತ್ತಾರೆ.