ಮೂರನೇ ನಿದ್ದೆ ಬಿಡುವ ಕಾಲ

ಏಳು ತಿಂಗಳ ಮಗುವನ್ನು ಸಂಜೆ 4 ಗಂಟೆಗೆ ಮಲಗಿಸಲು ಹೋದರೆ ಕಣ್ಣರಳಿಸಿ ಆಟಕ್ಕೆ ನಿಲ್ಲುತ್ತದೆ. ಅಂತೂ 5.30ಕ್ಕೆ ನಿದ್ದೆ ಹತ್ತಿ, 6.15ಕ್ಕೆ ಏಳುತ್ತದೆ. ಆಮೇಲೆ ರಾತ್ರಿ 10 ಆದರೂ ಮಲಗುವ ಮಾತಿಲ್ಲ. ಇದು ಹಠ ಅಲ್ಲ, ಮಗುವಿನ ಮೆದುಳು ಬೆಳೆಯುತ್ತಿದೆ.

ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಎಳೆಗೂಸಿನಲ್ಲಿ ಇದು ಬೇಗ ಏರುತ್ತದೆ. ಬೆಳೆದಂತೆ ನಿಧಾನವಾಗುತ್ತದೆ. ಆರು ತಿಂಗಳ ಹೊತ್ತಿಗೆ ಎರಡು, ಎರಡೂವರೆ ಗಂಟೆ ಎಚ್ಚರವಿರುತ್ತಿದ್ದ ಮಗು ಎಂಟು ತಿಂಗಳಿಗೆ ಮೂರು ಗಂಟೆ ಆರಾಮಾಗಿ ಇರಬಲ್ಲದು. ಆಗ ಹಗಲಲ್ಲಿ ಮೂರನೇ ನಿದ್ದೆಗೆ ಜಾಗವೇ ಉಳಿಯುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇದು ಆರರಿಂದ ಒಂಬತ್ತು ತಿಂಗಳ ನಡುವೆ ಆಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು.

ಆದರೆ ಒಂದೆರಡು ದಿನ ಸಂಜೆ ಮಲಗದಿದ್ದರೆ ತೀರ್ಮಾನಕ್ಕೆ ಬರಬೇಡಿ. ಹಲ್ಲು ಬರುವಾಗ, ನೆಗಡಿಯಾದಾಗ, ಅಂಬೆಗಾಲು ಕಲಿಯುವಾಗಲೂ ಹೀಗೇ ಆಗುತ್ತದೆ. ಒಂದೆರಡು ವಾರ ಇದೇ ನಡೆದು, ಮೂರನೇ ನಿದ್ದೆಯಿಂದ ರಾತ್ರಿ ನಿದ್ದೆ ತಡವಾಗುತ್ತಿದ್ದರೆ, ಇಲ್ಲವೇ ನಡುರಾತ್ರಿ ಎದ್ದು ಗಂಟೆಗಟ್ಟಲೆ ಆಡುತ್ತಿದ್ದರೆ, ಆಗ ಮಗು ಸಿದ್ಧವಾಗಿದೆ ಅನ್ನಬಹುದು. ಆ ಸಂಜೆಗಳಲ್ಲಿ ಮಗು ಗೆಲುವಾಗಿರುತ್ತದಾ ನೋಡಿ. ನಿದ್ದೆ ಬಿಟ್ಟು ರಚ್ಚೆ ಹಿಡಿದರೆ ಇನ್ನೂ ಕಾಲ ಬಂದಿಲ್ಲ. ಅಂದ ಹಾಗೆ, ಜೋಲಿಯಲ್ಲಿ ಜೋರಾಗಿ ತೂಗಿದರೆ ಬೇಡದ ನಿದ್ದೆಯೂ ಬಂದುಬಿಡುತ್ತದೆ. ಹಾಗಾಗಿ ಜೋಲಿ ಇರುವ ಮನೆಯಲ್ಲಿ ಈ ಸೂಚನೆ ತಡವಾಗಿ ಕಾಣಬಹುದು.

ಬೆಳಿಗ್ಗೆ 7ಕ್ಕೆ ಏಳುವ ಮಗುವಿನ ಲೆಕ್ಕ ನೋಡೋಣ. ಮೊದಲು ಅದು 9ರಿಂದ 10, 12.15ರಿಂದ 1.30, 4ರಿಂದ 4.40ರವರೆಗೆ ಮಲಗಿ, ರಾತ್ರಿ 7.30ಕ್ಕೆ ನಿದ್ದೆ ಹೋಗುತ್ತಿತ್ತು. ಈಗ ಮೊದಲ ನಿದ್ದೆಯನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂದೆ ತಳ್ಳಿ. ಕೊನೆಗೆ ಮೊದಲ ನಿದ್ದೆ 9.45ರಿಂದ 11, ಎರಡನೆಯದು 2ರಿಂದ 3.30 ಎಂದು ನಿಲ್ಲುತ್ತದೆ. ರಾತ್ರಿ 7ಕ್ಕೇ ಮಲಗಿಸಬೇಕು. ಹಗಲ ನಿದ್ದೆ ಸುಮಾರು ಹತ್ತು ನಿಮಿಷ ಮಾತ್ರ ಕಡಿಮೆಯಾಯಿತು, ರಾತ್ರಿಯದು ಅರ್ಧ ಗಂಟೆ ಜಾಸ್ತಿಯಾಯಿತು. ಈ ವಯಸ್ಸಿಗೆ ದಿನಕ್ಕೆ ಒಟ್ಟು 12ರಿಂದ 16 ಗಂಟೆ ನಿದ್ದೆ ಬೇಕು, ಅದಕ್ಕೆ ಧಕ್ಕೆಯಿಲ್ಲ.

ಎಡವುವುದು ಇಲ್ಲೇ. ಅಪ್ಪ 8 ಗಂಟೆಗೆ ಮನೆಗೆ ಬರುತ್ತಾರೆಂದು ಮಗುವನ್ನು ಸುಮ್ನೆ ಎಬ್ಬಿಸಿಡುತ್ತೇವೆ. ದಣಿವು ಮಿತಿ ಮೀರಿದರೆ ನಿದ್ದೆ ಬರುವುದೇ ಕಷ್ಟ, ಬಂದರೂ ಬೆಳಗಿನ ಜಾವ 5ಕ್ಕೇ ಎಚ್ಚರ. ತಡವಾಗಿಯೇ ಮಲಗಿಸಬೇಕಿದ್ದರೆ ಬೆಳಿಗ್ಗೆ ಏಳುವುದರಿಂದ ಹಿಡಿದು ಇಡೀ ದಿನವನ್ನೇ ಮುಂದಕ್ಕೆ ಸರಿಸಿ.

ಎರಡರಿಂದ ನಾಲ್ಕು ವಾರ ಎರಡು ನಿದ್ದೆಯ ದಿನಗಳೂ ಮೂರು ನಿದ್ದೆಯ ದಿನಗಳೂ ಬೆರೆತೇ ಇರುತ್ತವೆ. ಹಗಲಿನ ಎರಡೂ ನಿದ್ದೆ ಅರ್ಧ ಗಂಟೆಯಲ್ಲೇ ಮುಗಿದ ದಿನ ಸಂಜೆ 20 ನಿಮಿಷ ಮಲಗಲಿ, ಆದರೆ 5ರೊಳಗೆ ಎಬ್ಬಿಸಿ.